ಗ್ರಾಮ ಪಂಚಾಯಿತಿ ಹೋಬಳಿಯೊಳಗೆ ಬರುತ್ತದೆಯೇ? ಜಿಲ್ಲೆಯಿಂದ ಹಳ್ಳಿಯವರೆಗಿನ ಹಂತಗಳ ಬಗ್ಗೆ ಒಂದು ಪ್ರಶ್ನೆ

ಕೆರೆಪಟ್ಟಿ

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ಎರಡು ಜಿಲ್ಲೆಗಳ ಕೆರೆಗಳ ಪಟ್ಟಿಯನ್ನು ಹಳ್ಳಿವಾರು ಸಿದ್ಧಪಡಿಸುತ್ತಿದ್ದೇವೆ. ಜಿಲ್ಲೆ, ಉಪವಿಭಾಗ, ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ಗ್ರಾಮ ಎಂಬ ಆರು ಕಾಲಂಗಳನ್ನು ಹಾಕಿ, ಪ್ರತಿಯೊಂದೂ ತನ್ನ ಎಡಬದಿಯ ಕಾಲಂನೊಳಗೆ ಪೂರ್ತಿಯಾಗಿ ಅಡಗುತ್ತದೆ ಎಂದು ಭಾವಿಸಿ ಕೆಲಸ ಆರಂಭಿಸಿದೆವು. ಈಗ ಮೊತ್ತ ಹಾಕುವಾಗ ಲೆಕ್ಕ ಕೂಡುತ್ತಿಲ್ಲ. ಕೆಲವು ಗ್ರಾಮ ಪಂಚಾಯಿತಿಗಳ ಹೆಸರು ಎರಡೆರಡು ಹೋಬಳಿಗಳ ಕೆಳಗೆ ಕಾಣಿಸುತ್ತಿದೆ. ‘ಕಸಬಾ’ ಎಂಬ ಒಂದೇ ಹೋಬಳಿಯಲ್ಲಿ ನಂಬಲಾಗದಷ್ಟು ಕೆರೆಗಳು ಬಂದು ಕುಳಿತಿವೆ. ಜನಗಣತಿಯ ಹಳ್ಳಿ ಪಟ್ಟಿಯೊಂದಿಗೆ ಹೋಲಿಸೋಣವೆಂದರೆ ಅಲ್ಲಿ ಹೋಬಳಿ ಎಂಬ ಹಂತವೇ ಇಲ್ಲ. ಇದು ನಮ್ಮ ಹುಡುಗರು ಮಾಹಿತಿ ತುಂಬುವಾಗ ಮಾಡಿದ ತಪ್ಪೋ, ಅಥವಾ ಹಂತಗಳ ಜೋಡಣೆಯ ಬಗ್ಗೆ ನಮ್ಮ ಕಲ್ಪನೆಯೇ ಸರಿಯಿಲ್ಲವೋ? ತಿಳಿದವರು ದಯವಿಟ್ಟು ಹೇಳಬೇಕು.

ಸ್ಪರ್ಧಾಮಿತ್ರ

ಮೇಡಂ, ಇದು ಮಾಹಿತಿ ತುಂಬುವಾಗ ಆದ ತಪ್ಪೇ ಇರಬೇಕು. ಸ್ಪರ್ಧಾತ್ಮಕ ಪರೀಕ್ಷೆಯ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವ ಕ್ರಮ ಹೀಗಿದೆ: ರಾಜ್ಯದಲ್ಲಿ 4 ಕಂದಾಯ ವಿಭಾಗಗಳು, ಅವುಗಳಲ್ಲಿ 31 ಜಿಲ್ಲೆಗಳು, ಜಿಲ್ಲೆಯೊಳಗೆ ತಾಲ್ಲೂಕುಗಳು, ತಾಲ್ಲೂಕಿನೊಳಗೆ ಹೋಬಳಿಗಳು, ಹೋಬಳಿಯೊಳಗೆ ಗ್ರಾಮ ಪಂಚಾಯಿತಿಗಳು, ಪಂಚಾಯಿತಿಯೊಳಗೆ ಗ್ರಾಮಗಳು. ಹೋಬಳಿ ಎಂದರೆ ಕೆಲವು ಗ್ರಾಮ ಪಂಚಾಯಿತಿಗಳ ಗುಂಪು. ಆಂಧ್ರದವರು ಇದನ್ನೇ ಮಂಡಲ ಎನ್ನುತ್ತಾರೆ. ಒಂದು ಪಂಚಾಯಿತಿ ಎರಡು ಹೋಬಳಿಗಳಲ್ಲಿ ಇರುವುದು ಸಾಧ್ಯವಿಲ್ಲ. ಆ ಸಾಲುಗಳನ್ನು ಹುಡುಕಿ ಯಾವುದಾದರೂ ಒಂದು ಹೋಬಳಿಗೆ ಸರಿಪಡಿಸಿಬಿಡಿ.

ನಿವೃತ್ತ ಶಿರಸ್ತೇದಾರ್

ದಯವಿಟ್ಟು ಹಾಗೆ ‘ಸರಿಪಡಿಸಬೇಡಿ’. ಸರಿಯಾಗಿರುವ ಸಾಲುಗಳು ಕೆಡುತ್ತವೆ.

ನಾನು ತಾಲ್ಲೂಕು ಕಚೇರಿಯಲ್ಲಿ ಬಹುಕಾಲ ಕೆಲಸ ಮಾಡಿದವನು. ತಾಲ್ಲೂಕಿನವರೆಗೆ ಮಿತ್ರರು ಹೇಳಿದ್ದು ಸರಿಯೇ ಇದೆ. ತೊಡಕು ಶುರುವಾಗುವುದು ಅದರ ಕೆಳಗೆ. ನಿಮ್ಮ ಆರು ಕಾಲಂಗಳು ಒಂದೇ ಏಣಿಯ ಮೆಟ್ಟಿಲುಗಳಲ್ಲ. ಎರಡು ಏಣಿಗಳನ್ನು ಒಂದರ ಮೇಲೊಂದು ಇಟ್ಟು ನೀವು ಒಂದೇ ಏಣಿಯೆಂದು ಎಣಿಸಿದ್ದೀರಿ.

ಮೊದಲನೆಯದು ಕಂದಾಯ ಇಲಾಖೆಯದು. ಪ್ರಾದೇಶಿಕ ಆಯುಕ್ತರ ಕೆಳಗೆ ಜಿಲ್ಲಾಧಿಕಾರಿ, ಅವರ ಕೆಳಗೆ ಉಪವಿಭಾಗಾಧಿಕಾರಿ, ನಂತರ ತಹಶೀಲ್ದಾರ್, ಹೋಬಳಿಯಲ್ಲಿ ಕಂದಾಯ ನಿರೀಕ್ಷಕರು, ಅವರ ಕೆಳಗೆ ಹಿಂದೆ ಗ್ರಾಮ ಲೆಕ್ಕಿಗರೆಂದು ಕರೆಯುತ್ತಿದ್ದ ಈಗಿನ ಗ್ರಾಮ ಆಡಳಿತ ಅಧಿಕಾರಿಗಳು ಇರುತ್ತಾರೆ. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ ಪ್ರಕಾರ ಯಾವ ಗ್ರಾಮಗಳು ಯಾವ ತಾಲ್ಲೂಕಿಗೆ, ಯಾವ ತಾಲ್ಲೂಕುಗಳು ಯಾವ ಜಿಲ್ಲೆಗೆ ಸೇರುತ್ತವೆ ಎಂಬುದನ್ನು ಸರ್ಕಾರವೇ ಅಧಿಸೂಚನೆಯ ಮೂಲಕ ಗೊತ್ತುಪಡಿಸುತ್ತದೆ. ತಾಲ್ಲೂಕಿನ ಒಳಗೆ ಗ್ರಾಮಗಳನ್ನು ವೃತ್ತಗಳಾಗಿ, ವೃತ್ತಗಳನ್ನು ಹೋಬಳಿಗಳಾಗಿ ಜೋಡಿಸುವ ಅಧಿಕಾರ ಜಿಲ್ಲಾಧಿಕಾರಿಯವರದು. ಆದ್ದರಿಂದ ಹೋಬಳಿ ವೃತ್ತಗಳ ಗುಂಪು, ವೃತ್ತ ಕಂದಾಯ ಗ್ರಾಮಗಳ ಗುಂಪು. ಈ ಸರಪಳಿಯಲ್ಲಿ ಗ್ರಾಮ ಪಂಚಾಯಿತಿ ಎಂಬ ಕೊಂಡಿ ಎಲ್ಲಿಯೂ ಇಲ್ಲ.

ಎರಡನೆಯದು ಪಂಚಾಯತ್ ರಾಜ್ ವ್ಯವಸ್ಥೆಯದು: ಜಿಲ್ಲಾ ಪಂಚಾಯತ್, ತಾಲ್ಲೂಕು ಪಂಚಾಯತ್, ಗ್ರಾಮ ಪಂಚಾಯಿತಿ. ಇದು 1993ರ ಅಧಿನಿಯಮದಿಂದ ಬಂದದ್ದು. ಒಂದು ಗ್ರಾಮವನ್ನೋ ಹಲವು ಗ್ರಾಮಗಳ ಗುಂಪನ್ನೋ ಪಂಚಾಯಿತಿ ಪ್ರದೇಶವೆಂದು ಘೋಷಿಸುವವರು ಇಲ್ಲಿಯೂ ಜಿಲ್ಲಾಧಿಕಾರಿಯೇ. ಆದರೆ ಅಳತೆಗೋಲು ಬೇರೆ. ಇಲ್ಲಿ ನೋಡುವುದು ಜನಸಂಖ್ಯೆಯನ್ನು. ಸಾಮಾನ್ಯವಾಗಿ 5,000ದಿಂದ 7,000 ಜನರಿರುವ ಪ್ರದೇಶ ಒಂದು ಪಂಚಾಯಿತಿ ಆಗಬೇಕು, ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಲ್ಲಿ ಜನವಸತಿ ಚದುರಿರುವುದರಿಂದ 2,500 ಜನರಿದ್ದರೂ ಸಾಕು. ಜನಸಂಖ್ಯೆ ಬೆಳೆದಂತೆ ಪಂಚಾಯಿತಿಗಳನ್ನು ಮತ್ತೆ ವಿಂಗಡಿಸುತ್ತಾರೆ. ಹೋಬಳಿಗೆ ಇಂತಹ ಜನಸಂಖ್ಯೆಯ ಕಟ್ಟು ಇಲ್ಲ. ಹಳೆಯ ಮೈಸೂರು ಭಾಗದ ಎಷ್ಟೋ ಹೋಬಳಿಗಳು ರಾಜರ ಕಾಲದ ಗಡಿಯನ್ನೇ ಹೆಚ್ಚುಕಡಿಮೆ ಉಳಿಸಿಕೊಂಡು ಬಂದಿವೆ. ಒಂದೇ ಅಧಿಕಾರಿ ಎರಡು ಕಾನೂನುಗಳ ಅಡಿಯಲ್ಲಿ, ಎರಡು ಉದ್ದೇಶಗಳಿಗಾಗಿ, ಎರಡು ಬೇರೆ ಕಾಲಗಳಲ್ಲಿ ಎಳೆದ ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂರಲೇಬೇಕು ಎಂಬ ನಿಯಮವಿಲ್ಲ. ಬಹಳಷ್ಟು ಕಡೆ ಕೂರುತ್ತವೆ; ಕೂರದ ಕಡೆ ನಿಮ್ಮ ಪಟ್ಟಿಯಲ್ಲಿ ಕಂಡಂತೆ ಕಾಣುತ್ತದೆ.

ಎರಡೂ ಏಣಿಗಳು ಕೂಡುವ ಜಾಗಗಳು ಮೂರು: ಜಿಲ್ಲೆ, ತಾಲ್ಲೂಕು ಮತ್ತು ಎಲ್ಲಕ್ಕಿಂತ ಕೆಳಗಿರುವ ಕಂದಾಯ ಗ್ರಾಮ. ಗ್ರಾಮವನ್ನು ಹಿಡಿದುಕೊಂಡು, ಅದರ ಹೋಬಳಿ ಯಾವುದು ಎಂಬುದನ್ನು ಒಂದು ಕಾಲಂನಲ್ಲಿ, ಅದರ ಪಂಚಾಯಿತಿ ಯಾವುದು ಎಂಬುದನ್ನು ಮತ್ತೊಂದು ಕಾಲಂನಲ್ಲಿ ಬರೆಯಿರಿ. ಈ ಎರಡರಲ್ಲಿ ಒಂದನ್ನು ಇನ್ನೊಂದರ ಒಳಗೆ ತೂರಿಸಬೇಡಿ.

ಸ್ಪರ್ಧಾಮಿತ್ರ

ಸರ್, ತಮ್ಮ ಅನುಭವದ ಮುಂದೆ ನಾನು ವಾದಿಸುವುದಿಲ್ಲ. ಆದರೆ ನಮ್ಮ ತಾಲ್ಲೂಕಿನಲ್ಲಿ ಪ್ರತಿ ಹೋಬಳಿಯ ಪಂಚಾಯಿತಿಗಳೂ ಅಚ್ಚುಕಟ್ಟಾಗಿ ಅದರೊಳಗೇ ಇವೆ. ಸರ್ಕಾರಿ ಕೈಪಿಡಿಗಳಲ್ಲಿಯೂ ‘ಹೋಬಳಿವಾರು ಗ್ರಾಮ ಪಂಚಾಯಿತಿಗಳು’ ಎಂಬ ಪಟ್ಟಿ ಇರುತ್ತದೆ. ಮಂಡಲದ ಬಗ್ಗೆ ತಾವು ಏನೂ ಹೇಳಲಿಲ್ಲ.

ನಿವೃತ್ತ ಶಿರಸ್ತೇದಾರ್

ಹಾಗೆ ಇರುವ ತಾಲ್ಲೂಕುಗಳು ಇವೆ, ಅಂತಹ ಪಟ್ಟಿಗಳೂ ಇವೆ. ಪಂಚಾಯಿತಿಯ ಕೇಂದ್ರ ಗ್ರಾಮ ಯಾವ ಹೋಬಳಿಯಲ್ಲಿದೆಯೋ ಆ ಹೋಬಳಿಯ ಲೆಕ್ಕಕ್ಕೆ ಇಡೀ ಪಂಚಾಯಿತಿಯನ್ನು ಬರೆದುಬಿಡುವುದು ಕಚೇರಿಗಳಲ್ಲಿ ರೂಢಿ. ಸಭೆ ಕರೆಯಲು, ಅಧಿಕಾರಿಗಳಿಗೆ ಉಸ್ತುವಾರಿ ಹಂಚಲು ಅಷ್ಟು ಸಾಕು. ಕೆರೆಯನ್ನು ಅದರ ಸರ್ವೆ ನಂಬರಿನ ಸಮೇತ ಗುರುತಿಸಬೇಕಾದ ಇವರಿಗೆ ಸಾಲದು.

ಮಂಡಲದ ವಿಷಯದಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಆಂಧ್ರಪ್ರದೇಶದಲ್ಲಿ 1985ರಲ್ಲಿ ತಾಲ್ಲೂಕುಗಳನ್ನೂ ಅವುಗಳ ಕೆಳಗಿನ ಹಂತವಾದ ಫಿರ್ಕಾಗಳನ್ನೂ ತೆಗೆದುಹಾಕಿ ಅವುಗಳ ಜಾಗದಲ್ಲಿ ಮಂಡಲಗಳನ್ನು ಮಾಡಿದರು. ಅಲ್ಲಿ ಈಗ ಮಂಡಲದಲ್ಲಿ ಕೂರುವವರು ತಹಶೀಲ್ದಾರರೇ. ಆದ್ದರಿಂದ ಅದನ್ನು ಚಿಕ್ಕ ತಾಲ್ಲೂಕು ಎನ್ನಬಹುದೇ ಹೊರತು ಹೋಬಳಿ ಎನ್ನಲಾಗದು. ನಮ್ಮಲ್ಲಿದ್ದ ಮಂಡಲ ಪಂಚಾಯಿತಿಗಳು 1983ರ ಕಾನೂನಿನವು. 1987ರಲ್ಲಿ ಅವುಗಳಿಗೆ ಚುನಾವಣೆ ನಡೆಯಿತು, 1993ರ ಕಾನೂನು ಬಂದಾಗ ಅವುಗಳ ಸ್ಥಾನದಲ್ಲಿ ಗ್ರಾಮ ಪಂಚಾಯಿತಿಗಳು ಬಂದವು. ಹಳಬರು ಇಂದಿಗೂ ಪಂಚಾಯಿತಿ ಕಚೇರಿಗೆ ‘ಮಂಡಲ್ ಆಫೀಸು’ ಎನ್ನುವುದುಂಟು.

ಬಯಲುಸೀಮೆ ರೈತ

ಈ ಚರ್ಚೆಯನ್ನು ನೋಡಿ ನನ್ನ ಸಮಸ್ಯೆಯನ್ನೂ ಬರೆಯುತ್ತಿದ್ದೇನೆ. ನಮ್ಮ ಊರು ಒಂದು ಹೋಬಳಿಯ ಅಂಚಿನಲ್ಲಿದೆ. ಪಂಚಾಯಿತಿ ಕೇಂದ್ರವಿರುವ ಊರು ಪಕ್ಕದ ಹೋಬಳಿಯದು. ಹೋದ ಮುಂಗಾರಿನಲ್ಲಿ ಮೆಕ್ಕೆಜೋಳಕ್ಕೂ ತೊಗರಿಗೂ ಬೆಳೆ ವಿಮೆ ಕಟ್ಟಿದ್ದೆ. ಎರಡೂ ಒಂದೇ ಹೊಲದ ಬೆಳೆಗಳು, ಎರಡೂ ಮಳೆಯಿಲ್ಲದೆ ಒಣಗಿದವು. ಮೆಕ್ಕೆಜೋಳಕ್ಕೆ ಪರಿಹಾರ ಬಂತು, ತೊಗರಿಗೆ ಹೆಚ್ಚುಕಡಿಮೆ ಏನೂ ಬರಲಿಲ್ಲ. ಕೇಳಿದರೆ ‘ನಿಮ್ಮ ಹೋಬಳಿಯಲ್ಲಿ ಬೆಳೆ ಚೆನ್ನಾಗಿತ್ತು’ ಎಂದರು. ನಮ್ಮ ಪಂಚಾಯಿತಿಯಲ್ಲಿ ಬೆಳೆ ಹಾಳಾಗಿತ್ತು ಎಂದು ಅವರೇ ಮೆಕ್ಕೆಜೋಳಕ್ಕೆ ಒಪ್ಪಿರುವಾಗ ಹೋಬಳಿಯಲ್ಲಿ ಚೆನ್ನಾಗಿತ್ತು ಎನ್ನುವುದು ಹೇಗೆ? ಪಂಚಾಯಿತಿ ಹೋಬಳಿಯ ಒಳಗೇ ಇರುವುದಿಲ್ಲವೇ ಎಂದು ನಾನೂ ಯೋಚಿಸುತ್ತಿದ್ದೆ.

ನಕ್ಷೆಗಾರ

ಅಣ್ಣಾ, ನಿಮ್ಮ ಪ್ರಶ್ನೆ ಇಲ್ಲಿಗೇ ಸೇರಿದ್ದು. ನಾನು ಕೃಷಿ ಅಂಕಿಅಂಶಗಳ ನಕ್ಷೆ ತಯಾರಿಸುವ ಕೆಲಸದಲ್ಲಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫಸಲ್ ಬಿಮಾ ಯೋಜನೆಯಲ್ಲಿ ಪ್ರತಿ ಹಂಗಾಮಿಗೂ ಸರ್ಕಾರ ಹೊರಡಿಸುವ ಅಧಿಸೂಚನೆಯಲ್ಲಿ ಯಾವ ಬೆಳೆಯನ್ನು ಯಾವ ಪ್ರದೇಶದ ಘಟಕದಲ್ಲಿ ವಿಮೆಗೆ ಒಳಪಡಿಸಲಾಗಿದೆ ಎಂಬುದು ಇರುತ್ತದೆ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಘಟಕ, ಅಷ್ಟಾಗಿ ಬೆಳೆಯದ ಇತರ ಬೆಳೆಗಳಿಗೆ ಹೋಬಳಿ ಘಟಕ. ಇದಕ್ಕೆ ಕಾರಣ ಬೆಳೆ ಕಟಾವು ಪ್ರಯೋಗ, ಅಂದರೆ ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ಇಳುವರಿ ಅಳೆಯುವುದು. ಮುಖ್ಯ ಬೆಳೆಗೆ ಪಂಚಾಯಿತಿಯಲ್ಲಿ ಕನಿಷ್ಠ 4 ಪ್ರಯೋಗಗಳು, ಹೋಬಳಿ ಘಟಕಕ್ಕೆ ಕನಿಷ್ಠ 10 ಪ್ರಯೋಗಗಳು ನಡೆಯಬೇಕು. ಒಂದು ಪಂಚಾಯಿತಿಯಲ್ಲಿ ಕೆಲವೇ ಹೊಲಗಳಲ್ಲಿ ತೊಗರಿ ಇದ್ದರೆ ಪ್ರಯೋಗಕ್ಕೆ ಸಾಕಷ್ಟು ಹೊಲಗಳೇ ಸಿಗುವುದಿಲ್ಲ, ಆದ್ದರಿಂದ ಘಟಕವನ್ನು ದೊಡ್ಡದು ಮಾಡುತ್ತಾರೆ.

ಲೆಕ್ಕವನ್ನು ಒಂದು ಊಹೆಯ ಉದಾಹರಣೆಯಿಂದ ನೋಡಿ. ಯಾವ ಮಟ್ಟಕ್ಕಿಂತ ಇಳುವರಿ ಕಡಿಮೆಯಾದರೆ ಪರಿಹಾರ ಸಿಗುತ್ತದೆಯೋ ಅದನ್ನು ಪ್ರಾರಂಭಿಕ ಇಳುವರಿ ಎನ್ನುತ್ತಾರೆ. ಎರಡೂ ಬೆಳೆಗಳಿಗೆ ಅದನ್ನು ಸುಲಭಕ್ಕಾಗಿ ಎಕರೆಗೆ 10 ಕ್ವಿಂಟಲ್ ಎಂದು ಇಟ್ಟುಕೊಳ್ಳೋಣ. ನಿಜದಲ್ಲಿ ತೊಗರಿಗೆ ಇದು ಬಹಳ ಹೆಚ್ಚಾಯಿತು. ನಿಮ್ಮ ಪಂಚಾಯಿತಿಯ ಪ್ರಯೋಗಗಳಲ್ಲಿ ಮೆಕ್ಕೆಜೋಳದ ಸರಾಸರಿ 6 ಕ್ವಿಂಟಲ್ ಬಂದರೆ ಕೊರತೆ 4, ಅಂದರೆ ವಿಮಾ ಮೊತ್ತದ ಶೇ. 40 ಪರಿಹಾರ. ತೊಗರಿಗೆ ನೋಡುವುದು ಹೋಬಳಿಯ ಸರಾಸರಿ. ಆ ಹೋಬಳಿಯ ಇನ್ನೊಂದು ಮೂಲೆಯಲ್ಲಿ ಒಳ್ಳೆಯ ಮಳೆಯಾಗಿ ಒಟ್ಟು ಸರಾಸರಿ 9.8 ಬಂದರೆ ಕೊರತೆ 0.2, ಪರಿಹಾರ ಶೇ. 2. ನಿಮ್ಮ ಹೊಲದಲ್ಲಿ ಏನಾಯಿತು ಎಂಬುದು ಎರಡು ಲೆಕ್ಕಗಳಲ್ಲಿಯೂ ನೇರವಾಗಿ ಬರುವುದಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ನಿಮ್ಮ ಪಂಚಾಯಿತಿ ಎರಡು ಹೋಬಳಿಗಳಲ್ಲಿ ಹಂಚಿಹೋಗಿದ್ದರೆ, ಮೆಕ್ಕೆಜೋಳಕ್ಕೆ ನಿಮ್ಮ ಜೊತೆ ಲೆಕ್ಕಕ್ಕೆ ಬಂದ ನೆರೆಯ ಊರಿನವರು ತೊಗರಿಗೆ ಬೇರೊಂದು ಹೋಬಳಿಯ ಲೆಕ್ಕದಲ್ಲಿರುತ್ತಾರೆ. ನಿಮ್ಮ ಜಮೀನನ್ನು ಯಾವ ಹೋಬಳಿಗೆ ಹಾಕಿದ್ದಾರೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಪಹಣಿಯ ಮೇಲ್ಭಾಗದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಮೂರೂ ಮುದ್ರಿತವಾಗಿರುತ್ತವೆ. ವಿಮೆಯ ಅರ್ಜಿಯಲ್ಲಿರುವ ಹೋಬಳಿ ಅದೇ ಇದೆಯೇ ಎಂದು ಹೋಲಿಸಿ ನೋಡಿ. ಪಂಚಾಯಿತಿ ಕೇಂದ್ರದ ಹೋಬಳಿಯನ್ನು ಅರ್ಜಿಯಲ್ಲಿ ಬರೆದಿದ್ದರೆ ಅದು ತಪ್ಪು.

ಕೆರೆಪಟ್ಟಿ

ಎಲ್ಲರಿಗೂ ಧನ್ಯವಾದಗಳು. ಎರಡು ಏಣಿಗಳ ಮಾತು ಅರ್ಥವಾಯಿತು. ಇನ್ನೊಂದು ಸಂದೇಹ ಉಳಿದಿದೆ. ಜನಗಣತಿಯ ಕೋಷ್ಟಕದಲ್ಲಿ ಜಿಲ್ಲೆಯ ಕೆಳಗಿನ ಹಂತವನ್ನು ಸಬ್-ಡಿಸ್ಟ್ರಿಕ್ಟ್ ಎಂದು ಕೊಟ್ಟಿದ್ದಾರೆ. ನಾವು ಅದನ್ನು ಉಪವಿಭಾಗದ ಕಾಲಂಗೆ ತುಂಬಿದ್ದೆವು. ಆದರೆ ಅಲ್ಲಿರುವ ಹೆಸರುಗಳೆಲ್ಲ ತಾಲ್ಲೂಕುಗಳ ಹೆಸರುಗಳಾಗಿಯೇ ಕಾಣುತ್ತಿವೆ.

ನಿವೃತ್ತ ಶಿರಸ್ತೇದಾರ್

ಹೌದು, ಅವು ತಾಲ್ಲೂಕುಗಳೇ. ಜನಗಣತಿಯವರು ಜಿಲ್ಲೆಯಿಂದ ನೇರವಾಗಿ ತಾಲ್ಲೂಕಿಗೆ, ತಾಲ್ಲೂಕಿನಿಂದ ಗ್ರಾಮಕ್ಕೆ ಇಳಿಯುತ್ತಾರೆ. ಎ.ಸಿ. ಸಾಹೇಬರ, ಅಂದರೆ ಉಪವಿಭಾಗಾಧಿಕಾರಿಯವರ, ಉಪವಿಭಾಗವೂ ಅಲ್ಲಿಲ್ಲ, ಹೋಬಳಿಯೂ ಇಲ್ಲ.

ಉಪವಿಭಾಗ ಎಂಬುದು ಸಾಮಾನ್ಯ ಜನರಿಗೆ ಕಾಣದ ಹಂತ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುತ್ತಾರೆ, ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಎ.ಸಿ. ಕಚೇರಿಯ ನೆನಪಾಗುವುದು ವ್ಯಾಜ್ಯ ಬಂದಾಗ. ಪಹಣಿಯಲ್ಲಿ ಹಕ್ಕು ಬದಲಾವಣೆಯ ಬಗ್ಗೆ ತಕರಾರು ಬಂದು ತಹಶೀಲ್ದಾರರು ಆದೇಶ ಮಾಡಿದರೆ, ಅದರ ಮೇಲಿನ ಮೇಲ್ಮನವಿ ಭೂ ಕಂದಾಯ ಅಧಿನಿಯಮದ 136(2)ನೇ ಪ್ರಕರಣದಂತೆ ಉಪವಿಭಾಗಾಧಿಕಾರಿಯವರ ಮುಂದೆ ಹೋಗುತ್ತದೆ. ಅವರ ಆದೇಶವೂ ಒಪ್ಪಿಗೆಯಾಗದಿದ್ದರೆ 136(3)ರಂತೆ ಜಿಲ್ಲಾಧಿಕಾರಿಯವರ ಮುಂದೆ ಪುನರೀಕ್ಷಣೆ. ಅಂದರೆ ಕಡತ ತಾಲ್ಲೂಕಿನಿಂದ ಜಿಲ್ಲೆಗೆ ನೇರವಾಗಿ ಹಾರುವುದಿಲ್ಲ. ಎರಡು ಮೂರು ತಾಲ್ಲೂಕುಗಳ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ತಾಲ್ಲೂಕುಗಳ ಕಡತಗಳು ಒಬ್ಬರೇ ಎ.ಸಿ. ಅವರ ಮೇಜಿನ ಮೇಲೆ ಸೇರುತ್ತವೆ. ವಿಳಂಬ ಎಲ್ಲಿ ಆಗುತ್ತದೆ ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಕೆರೆಗಳ ಪಟ್ಟಿಗೆ ಉಪವಿಭಾಗ ಬೇಕಾಗಿಲ್ಲ. ಇಟ್ಟುಕೊಳ್ಳುವುದಾದರೆ ಅದನ್ನು ತಾಲ್ಲೂಕಿನಿಂದ ತಿಳಿಯಬಹುದು. ಪ್ರತಿ ಸಾಲಿನಲ್ಲಿಯೂ ಕೈಯಿಂದ ತುಂಬುವ ಅಗತ್ಯವಿಲ್ಲ.

ಮಂಜೇಶ್ವರದ ಕನ್ನಡತಿ

ಒಂದು ವಿಷಯ ಕೇಳಬಹುದೇ? ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹೋಬಳಿ ಇಲ್ಲವಲ್ಲ, ಹಾಗಾದರೆ ನಮ್ಮಲ್ಲಿ ಗ್ರಾಮ ಪಂಚಾಯತ್ ನೇರವಾಗಿ ತಾಲೂಕಿನೊಳಗೆ ಬರುತ್ತದೆಯೇ? ನಮ್ಮ ತಂದೆಯವರ ಜಾಗದ ಕಾಗದಗಳಲ್ಲಿ ಹಳೆಯ ದಾಖಲೆ ಒಂದು ತಾಲೂಕಿನ ಹೆಸರಿನಲ್ಲಿದೆ, ಈಗಿನ ತೆರಿಗೆ ರಸೀದಿ ಮಂಜೇಶ್ವರ ತಾಲೂಕಿನ ಹೆಸರಿನಲ್ಲಿದೆ. ಎರಡೂ ಒಂದೇ ಜಾಗ ಹೌದೋ ಅಲ್ಲವೋ ಎಂದು ಬ್ಯಾಂಕಿನವರು ಕೇಳುತ್ತಿದ್ದಾರೆ.

ನಕ್ಷೆಗಾರ

ಅಕ್ಕಾ, ಕೇರಳದ ವ್ಯವಸ್ಥೆ ಬೇರೆಯೇ ಇದೆ. ಕಂದಾಯದಲ್ಲಿ ಅಲ್ಲಿ ತಾಲೂಕಿನ ಕೆಳಗೆ ನೇರವಾಗಿ ವಿಲ್ಲೇಜ್. ಆ ವಿಲ್ಲೇಜ್ ದೊಡ್ಡದು, ಅದಕ್ಕೆ ಅದರದೇ ಕಚೇರಿ ಮತ್ತು ವಿಲ್ಲೇಜ್ ಆಫೀಸರ್ ಇರುತ್ತಾರೆ. ನಮ್ಮ ಹೋಬಳಿಯ ಕೆಲಸದ ಬಹುಭಾಗ ಅಲ್ಲಿಯೇ ಮುಗಿಯುತ್ತದೆ. ಪಂಚಾಯತ್ ಕಡೆಯಲ್ಲಿ ಮಧ್ಯದ ಹಂತ ಬ್ಲಾಕ್ ಪಂಚಾಯತ್. ಕೇರಳದಲ್ಲಿ ಬ್ಲಾಕುಗಳು 152 ಇದ್ದರೆ ತಾಲೂಕುಗಳು ಅದರ ಅರ್ಧದಷ್ಟು ಮಾತ್ರ. ಆದ್ದರಿಂದ ಕರ್ನಾಟಕದಲ್ಲಿ ಎರಡು ಏಣಿಗಳು ಕೂಡುವ ತಾಲ್ಲೂಕು ಎಂಬ ಮಧ್ಯದ ಜಾಗ ಕೇರಳದಲ್ಲಿ ಆ ಕೆಲಸ ಮಾಡುವುದಿಲ್ಲ.

ನಿಮ್ಮ ಕಾಗದದ ಪ್ರಶ್ನೆಗೆ: ಮಂಜೇಶ್ವರ ಇತ್ತೀಚೆಗೆ ರಚನೆಯಾದ ತಾಲೂಕು, ಅದಕ್ಕೂ ಮೊದಲು ಆ ವಿಲ್ಲೇಜುಗಳು ಕಾಸರಗೋಡು ತಾಲೂಕಿನಲ್ಲಿದ್ದವು. ವಿಲ್ಲೇಜ್ ಮತ್ತು ಸರ್ವೆ ನಂಬರು ಎರಡು ಕಾಗದಗಳಲ್ಲಿಯೂ ಒಂದೇ ಆಗಿವೆಯೇ ನೋಡಿ. ಮರುಸರ್ವೆ ಆಗಿದ್ದರೆ ನಂಬರು ಬದಲಾಗಿರುತ್ತದೆ. ಆಗ ಹಳೆಯ ಮತ್ತು ಹೊಸ ನಂಬರುಗಳ ಸಂಬಂಧವನ್ನು ವಿಲ್ಲೇಜ್ ಆಫೀಸಿನಲ್ಲಿ ಕೇಳಬೇಕಾಗುತ್ತದೆ.

ತೆಲಿಗಿ ರಸ್ತೆ

ತಾಲ್ಲೂಕು ಬದಲಾಗುವುದು ಒಂದು ತೊಂದರೆಯಾದರೆ ತಾಲ್ಲೂಕಿನ ಜಿಲ್ಲೆ ಬದಲಾಗುವುದು ಇನ್ನೊಂದು. ನಮ್ಮ ಹರಪನಹಳ್ಳಿಯನ್ನು ಕೇಳಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮನ್ನು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. 2018ರಲ್ಲಿ ಮತ್ತೆ ಬಳ್ಳಾರಿಗೆ ತಂದರು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅಲ್ಲಿಗೆ ಹೋದೆವು. ನನ್ನ ಅಂಕಪಟ್ಟಿಗಳಲ್ಲಿ, ಪಡಿತರ ಚೀಟಿಯಲ್ಲಿ, ಆಧಾರ್‌ನಲ್ಲಿ ಒಂದೇ ಊರಿಗೆ ಬೇರೆ ಬೇರೆ ಜಿಲ್ಲೆಗಳ ಹೆಸರಿದೆ. ಪ್ರತಿ ಬಾರಿಯೂ ನಮ್ಮ ಹೋಬಳಿ, ಪಂಚಾಯಿತಿಗಳನ್ನೂ ಹೊಸದಾಗಿ ಮಾಡುತ್ತಾರೆಯೇ?

ನಿವೃತ್ತ ಶಿರಸ್ತೇದಾರ್

ಹರಪನಹಳ್ಳಿ ಈ ಚರ್ಚೆಗೆ ತಕ್ಕ ಉದಾಹರಣೆ. ಮೂರು ಬಾರಿಯೂ ಚಲಿಸಿದ್ದು ಇಡೀ ತಾಲ್ಲೂಕು. ಹೀಗೆ ಹೋದಾಗ ಅದರೊಳಗಿರುವ ಹೋಬಳಿ, ವೃತ್ತ, ಗ್ರಾಮ, ಪಂಚಾಯಿತಿ ಎಲ್ಲವೂ ಇದ್ದ ಹಾಗೆಯೇ ಅದರ ಜೊತೆ ಹೋಗುತ್ತವೆ. ನಿಮ್ಮ ತೆಲಿಗಿ, ಚಿಗಟೇರಿ, ಅರಸೀಕೆರೆ ಹೋಬಳಿಗಳನ್ನು ಒಡೆಯಬೇಕಾಗಿಲ್ಲ. ಬದಲಾಗುವುದು ಮೇಲಿನ ಕೊಂಡಿ ಮಾತ್ರ.

ಆದರೆ ಮೇಲಿನ ಕೊಂಡಿ ಬದಲಾದುದರ ಪರಿಣಾಮ ಸಣ್ಣದಲ್ಲ. ದಾವಣಗೆರೆ ಬೆಂಗಳೂರು ಕಂದಾಯ ವಿಭಾಗದಲ್ಲಿದೆ. ಬಳ್ಳಾರಿ ಮತ್ತು ವಿಜಯನಗರ ಕಲಬುರಗಿ ವಿಭಾಗದಲ್ಲಿವೆ. ಆದ್ದರಿಂದ ನೀವು ಜಿಲ್ಲೆಯನ್ನಷ್ಟೇ ಅಲ್ಲ, ವಿಭಾಗವನ್ನೂ ಬದಲಿಸಿದಿರಿ. ಕಲಬುರಗಿ ಭಾಗದವರಿಗೆ ನೌಕರಿ ಮತ್ತು ಶಿಕ್ಷಣದಲ್ಲಿ ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದಾಗ ಬಳ್ಳಾರಿ ಜಿಲ್ಲೆ ಅದರ ವ್ಯಾಪ್ತಿಯಲ್ಲಿತ್ತು, ಹರಪನಹಳ್ಳಿ ಮಾತ್ರ ದಾವಣಗೆರೆಯಲ್ಲಿ ಉಳಿದಿದ್ದರಿಂದ ಹೊರಗಾಯಿತು. ಅಲ್ಲಿನವರು ಬಳ್ಳಾರಿಗೆ ಮರಳಲು ಪಟ್ಟುಹಿಡಿದದ್ದಕ್ಕೆ ನೌಕರಿ ಮತ್ತು ಶಿಕ್ಷಣದ ಆ ಮೀಸಲಾತಿಯೇ ದೊಡ್ಡ ಕಾರಣವಾಗಿತ್ತು.

ತಾಲ್ಲೂಕು ಇಡಿಯಾಗಿ ಹೋಗದೆ ಒಡೆದಾಗ ಮಾತ್ರ ಕೆಳಗಿನದು ಅಲುಗಾಡುತ್ತದೆ. ಕೂಡ್ಲಿಗಿ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದ ಕೊಟ್ಟೂರು ಈಗ ತಾಲ್ಲೂಕು ಕೇಂದ್ರ. 2018ರ ಆಸುಪಾಸಿನಲ್ಲಿ ಹೀಗೆ ಒಟ್ಟಿಗೆ ಹಲವು ಹೊಸ ತಾಲ್ಲೂಕುಗಳು ಬಂದವು. ಹೊಸ ಗಡಿ ಹೋಬಳಿಯ ಗೆರೆಯ ಮೇಲೆಯೇ ಹೋದರೆ ಕಂದಾಯದವರಿಗೆ ಕೆಲಸ ಸುಲಭ. ಆದರೆ ಅದೇ ಗೆರೆ ಎರಡು ಹೋಬಳಿಗಳಿಗೆ ಹಂಚಿಕೊಂಡಿದ್ದ ಒಂದು ಪಂಚಾಯಿತಿಯನ್ನು ಸೀಳಿಬಿಡುತ್ತದೆ.

ಸ್ಪರ್ಧಾಮಿತ್ರ

ಹಾಗಾದರೆ ಒಂದು ಪಂಚಾಯಿತಿ ಎರಡು ತಾಲ್ಲೂಕುಗಳಲ್ಲಿಯೂ ಇರಬಹುದೇ? ತಾಲ್ಲೂಕು ಪಂಚಾಯತ್ ಇಡೀ ತಾಲ್ಲೂಕಿಗೆ ಒಂದೇ ಅಲ್ಲವೇ? ಇಲ್ಲಿ ನನ್ನ ವಾದಕ್ಕೆ ಸ್ವಲ್ಪ ಬಲವಿದೆ ಎಂದುಕೊಳ್ಳುತ್ತೇನೆ.

ನಿವೃತ್ತ ಶಿರಸ್ತೇದಾರ್

ಇಲ್ಲಿ ನಿಮ್ಮ ಮಾತು ಸರಿ. ತಾಲ್ಲೂಕಿನ ಮಟ್ಟದಲ್ಲಿ ಎರಡು ಏಣಿಗಳೂ ಕೂಡಲೇಬೇಕಾದ್ದರಿಂದ ಪಂಚಾಯಿತಿ ಎರಡು ತಾಲ್ಲೂಕುಗಳಲ್ಲಿ ಇರಬಾರದು. ಅಂತಹ ಕಡೆ ಜಿಲ್ಲಾಧಿಕಾರಿಗಳು ಆ ಗ್ರಾಮಗಳನ್ನು ಒಂದು ಪಂಚಾಯಿತಿಯಿಂದ ತೆಗೆದು ಇನ್ನೊಂದಕ್ಕೆ ಸೇರಿಸಬೇಕು. ಆದರೆ ಚುನಾಯಿತ ಸದಸ್ಯರ ಅವಧಿ ನಡೆಯುತ್ತಿರುತ್ತದೆ, ವಾರ್ಡುಗಳು ಆಗಲೇ ವಿಂಗಡಣೆಯಾಗಿರುತ್ತವೆ. ಹೀಗಾಗಿ ಕಂದಾಯದಲ್ಲಿ ಹೊಸ ತಾಲ್ಲೂಕು, ಪಂಚಾಯಿತಿಯ ಕಾಗದಗಳಲ್ಲಿ ಹಳೆಯ ತಾಲ್ಲೂಕು ಎಂಬ ಸ್ಥಿತಿ ಕೆಲವು ಕಾಲ ಉಳಿಯಬಹುದು.

ನಕ್ಷೆಗಾರ

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ‘ಕೆಲವು ಕಾಲ’ ಎಂಬುದು ಅಂಕಿಅಂಶದವರ ಪಾಲಿಗೆ ವರ್ಷಗಳಷ್ಟು ಉದ್ದ. ಬರ ಘೋಷಣೆ ತಾಲ್ಲೂಕಿನ ಘಟಕದಲ್ಲಿ ಆಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಹಂತ ಹಂತವಾಗಿ ಘೋಷಿಸಿದರು. 2011ರ ಜನಗಣತಿಯ ಕೋಷ್ಟಕದಲ್ಲಿ ಆಗಿನ ತಾಲ್ಲೂಕುಗಳಷ್ಟೇ ಇವೆ. ಹೊಸ ತಾಲ್ಲೂಕಿನ ಜನಸಂಖ್ಯೆ ಬೇಕೆಂದರೆ ಹಳ್ಳಿಗಳನ್ನು ಒಂದೊಂದಾಗಿ ಆಯ್ದು ಕೂಡಿಸಬೇಕು. 2027ರ ಜನಗಣತಿಗಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ಥಗಿತಗೊಳಿಸಿದ್ದರಿಂದ ಮುಂದಿನ ಕೋಷ್ಟಕದಲ್ಲಿ ಅಂದಿನ ಗಡಿಗಳು ಬರುತ್ತವೆ, ಆದರೆ ಆಗಲೂ ಹೋಬಳಿಯನ್ನು ನಾವೇ ಜೋಡಿಸಿಕೊಳ್ಳಬೇಕು.

ಆದ್ದರಿಂದ ಮೇಡಂ, ನಿಮ್ಮ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಇಡುವ ಬದಲು ಹೀಗೆ ಬಿಡಿಸಿ:

```
village: village_code, name, circle_id, gp_id, from_date, to_date
circle:  circle_id, hobli_id
hobli:   hobli_id, name, taluk_id
gp:      gp_id, name, taluk_id
taluk:   taluk_id, name, district_id
```

ಗ್ರಾಮದಿಂದ ಎರಡು ದಾರಿಗಳು ಹೊರಟು ಎರಡೂ ತಾಲ್ಲೂಕಿಗೆ ಸೇರುತ್ತವೆ. ಹಾಗೆ ಸೇರುವ ತಾಲ್ಲೂಕು ಎರಡು ದಾರಿಗಳಲ್ಲಿಯೂ ಒಂದೇ ಆಗಿದೆಯೇ ಎಂದು ಪರೀಕ್ಷಿಸಿ. ಬೇರೆ ಬಂದರೆ ಅದು ತುಂಬಿದವರ ತಪ್ಪು, ಇಲ್ಲವೇ ಈಗ ಹೇಳಿದ ಸೀಳಿದ ಪಂಚಾಯಿತಿ. ಹೋಬಳಿ ಎರಡಾದರೆ ಚಿಂತೆ ಬೇಡ, ತಾಲ್ಲೂಕು ಎರಡಾದರೆ ಮಾತ್ರ ನಿಂತು ನೋಡಿ.

ನಿಮ್ಮ ‘ಕಸಬಾ’ದ ಸಮಸ್ಯೆಯೂ ಇದರಿಂದಲೇ ಬಗೆಹರಿಯುತ್ತದೆ. ತಾಲ್ಲೂಕು ಕೇಂದ್ರವಿರುವ ಹೋಬಳಿಯನ್ನು ಬಹುತೇಕ ಕಡೆ ಕಸಬಾ ಎಂದೇ ಕರೆಯುತ್ತಾರೆ. ಹೆಸರನ್ನು ಹಿಡಿದು ಮೊತ್ತ ಹಾಕಿದರೆ ಎರಡು ಜಿಲ್ಲೆಗಳ ಎಲ್ಲ ಕಸಬಾ ಹೋಬಳಿಗಳೂ ಒಂದಾಗುತ್ತವೆ. ಹೊಸಹಳ್ಳಿ, ಹೊಸೂರು, ರಾಮಪುರ ಎಂಬ ಗ್ರಾಮಗಳಿಗೂ ಇದೇ ಗತಿ. ಹೆಸರು ಓದುವುದಕ್ಕೆ ಇರಲಿ, ಕೂಡಿಸುವುದು ಸಂಕೇತ ಸಂಖ್ಯೆಯಿಂದಲೇ ಆಗಲಿ. ಪಂಚಾಯಿತಿಗೂ ಗ್ರಾಮಕ್ಕೂ ಕೇಂದ್ರದ lgdirectory.gov.in ತಾಣದ ಸಂಖ್ಯೆ ಬಳಸಬಹುದು. ಹೋಬಳಿಗೆ ಪಹಣಿ ದಾಖಲೆಗಳಿರುವ ‘ಭೂಮಿ’ ತಂತ್ರಾಂಶದ ಸಂಖ್ಯೆಯನ್ನೇ ಹಿಡಿಯಬೇಕು.

ಕೆರೆಪಟ್ಟಿ

ನೀವು ಹೇಳಿದಂತೆ ಬಿಡಿಸಿ ನೋಡಿದೆವು. ಎರಡು ಹೋಬಳಿಗಳಲ್ಲಿ ಕಂಡಿದ್ದ ಪಂಚಾಯಿತಿಗಳಲ್ಲಿ ಕೆಲವು ನಿಜವಾಗಿಯೂ ಹಂಚಿಹೋಗಿದ್ದವು. ಇನ್ನು ಕೆಲವು ಒಂದೇ ಹೆಸರಿನ ಬೇರೆ ಬೇರೆ ಪಂಚಾಯಿತಿಗಳಾಗಿದ್ದವು. ಕಸಬಾದ ಲೆಕ್ಕ ಸರಿಹೋಯಿತು. ಆದರೆ ಈಗ ಹೊಸದೊಂದು ಎದುರಾಗಿದೆ. ಕೆಲವು ಕೆರೆಗಳ ಊರಿನ ಹೆಸರು ಭೂಮಿಯ ಗ್ರಾಮ ಪಟ್ಟಿಯಲ್ಲಿ ಸಿಗುತ್ತಲೇ ಇಲ್ಲ. ಇನ್ನು ಕೆಲವು ಕೆರೆಗಳು ಭೂಮಿಯಲ್ಲಿ ಇರುವ ಗ್ರಾಮಗಳಲ್ಲಿವೆ, ಆದರೆ ಪಂಚಾಯಿತಿಯವರು ಅಂತಹ ಊರೇ ತಮ್ಮಲ್ಲಿಲ್ಲ ಎನ್ನುತ್ತಾರೆ.

ನಿವೃತ್ತ ಶಿರಸ್ತೇದಾರ್

ಮೊದಲಿನವು ಮಜರೆಗಳಿರಬೇಕು. ಜನ ವಾಸಿಸುವ ಹಟ್ಟಿ, ತಾಂಡಾ, ಪಾಳ್ಯಗಳಿಗೆ ಜನರ ಬಾಯಲ್ಲಿ ಬೇರೆ ಹೆಸರಿದ್ದರೂ ದಾಖಲೆಯಲ್ಲಿ ಅವು ಒಂದು ಕಂದಾಯ ಗ್ರಾಮದ ಭಾಗ. ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಮಜರೆಯ ಹೆಸರು ಬರುತ್ತದೆ, ಪಹಣಿಯಲ್ಲಿ ಬರುವುದಿಲ್ಲ. ಕೆಲವು ಮಜರೆಗಳನ್ನು ಇತ್ತೀಚೆಗೆ ಪ್ರತ್ಯೇಕ ಕಂದಾಯ ಗ್ರಾಮಗಳಾಗಿ ಮಾಡಿದ್ದಾರೆ, ಹಾಗಾಗಿ ಹೊಸ ಪಟ್ಟಿಯನ್ನೇ ನೋಡಿ.

ಎರಡನೆಯವು ಬೇಚರಾಕ್ ಗ್ರಾಮಗಳು. ಯಾವುದೋ ಕಾಲದಲ್ಲಿ ಜನ ಬಿಟ್ಟುಹೋದ ಊರುಗಳು. ಮನೆಗಳಿಲ್ಲ, ಮತದಾರರಿಲ್ಲ, ಆದರೆ ಸರ್ವೆ ನಂಬರುಗಳಿವೆ, ಹೊಲಗಳಿವೆ, ಕೆರೆಯೂ ಇರುತ್ತದೆ. ಜನಸಂಖ್ಯೆಯಿಂದ ಹೊರಡುವ ಪಂಚಾಯಿತಿಯ ಪಟ್ಟಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಜಮೀನಿನಿಂದ ಹೊರಡುವ ಕಂದಾಯದ ಪಟ್ಟಿಯಲ್ಲಿ ಇರುತ್ತದೆ. ಆ ಗ್ರಾಮ ಯಾವ ಪಂಚಾಯಿತಿಗೆ ಸೇರಿದೆ ಎಂಬುದನ್ನು ಪಂಚಾಯಿತಿ ಪ್ರದೇಶ ಘೋಷಿಸಿದ ಜಿಲ್ಲಾಧಿಕಾರಿಗಳ ಅಧಿಸೂಚನೆಯ ಅನುಬಂಧದಲ್ಲಿ ಹುಡುಕಿ. ಗ್ರಾಮಗಳ ಹೆಸರು ಅಲ್ಲಿ ಒಂದೊಂದಾಗಿ ಇರುತ್ತದೆ.

ಕೆರೆಪಟ್ಟಿ

ಅನುಬಂಧದಲ್ಲಿಯೂ ಹೆಸರು ಇಲ್ಲದಿದ್ದರೆ?

ನಿವೃತ್ತ ಶಿರಸ್ತೇದಾರ್

ಆಗ ತಾಲ್ಲೂಕು ಕಚೇರಿಯ ಗ್ರಾಮ ನಕ್ಷೆಯಲ್ಲಿ ಅದರ ಚಕ್‌ಬಂದಿ ನೋಡಿ. ನಾಲ್ಕೂ ದಿಕ್ಕಿನ ಗ್ರಾಮಗಳು ಒಂದೇ ಪಂಚಾಯಿತಿಯವಾಗಿದ್ದರೆ ತಾತ್ಕಾಲಿಕವಾಗಿ ಅದನ್ನೇ ಬರೆದು, ಪಕ್ಕದಲ್ಲಿ ‘ಖಚಿತವಿಲ್ಲ’ ಎಂದು ಗುರುತು ಹಾಕಿ. ಬೇರೆ ಬೇರೆ ಪಂಚಾಯಿತಿಗಳವಾಗಿದ್ದರೆ ಆ ಕಾಲಂ ಖಾಲಿ ಇರಲಿ. ಊಹಿಸಿ ತುಂಬಿದರೆ ನಾಳೆ ಹೂಳೆತ್ತುವ ಅರ್ಜಿ ತಪ್ಪು ಪಂಚಾಯಿತಿಗೆ ಹೋಗುತ್ತದೆ, ಅಲ್ಲಿಂದ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ. ಅರ್ಜಿಯನ್ನು ತಹಶೀಲ್ದಾರರಿಗೂ ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗಳಿಗೂ ಒಟ್ಟಿಗೆ ಕೊಡಿ.

ಬಯಲುಸೀಮೆ ರೈತ

ನಕ್ಷೆಗಾರ ಸರ್, ಪಹಣಿ ತೆಗೆಸಿ ನೋಡಿದೆ. ಹೋಬಳಿ ನಮ್ಮದೇ ಇದೆ. ವಿಮೆಯ ರಸೀದಿಯಲ್ಲಿ ಪಂಚಾಯಿತಿ ಕೇಂದ್ರದ ಹೋಬಳಿಯನ್ನು ಹಾಕಿದ್ದಾರೆ. ಈಗ ಯಾರನ್ನು ಕೇಳಬೇಕು, ಕಂದಾಯದವರನ್ನೋ ಕೃಷಿ ಇಲಾಖೆಯವರನ್ನೋ?

ನಕ್ಷೆಗಾರ

ಪಹಣಿ ಸರಿಯಿರುವುದರಿಂದ ಕಂದಾಯದವರ ಬಳಿ ಕೆಲಸವಿಲ್ಲ. ಪಹಣಿ, ರಸೀದಿ ಎರಡರ ನಕಲನ್ನೂ ಇಟ್ಟು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಿಮೆ ಕಟ್ಟಿದ ಬ್ಯಾಂಕಿಗೂ ಒಂದು ಪ್ರತಿ ಕೊಡಿ. ಹಂಗಾಮು ಮುಗಿದ ಮೇಲೆ ಘಟಕ ತಿದ್ದಿಕೊಡುತ್ತಾರೆಯೇ ಎಂಬುದನ್ನು ನಾನು ಭರವಸೆಯಿಂದ ಹೇಳಲಾರೆ. ಮನವಿ ಕೊಡುವ ಮೊದಲು ನಿಮ್ಮ ಹೋಬಳಿಯ ತೊಗರಿ ಇಳುವರಿಯ ಅಂಕಿಯನ್ನು ಕೇಳಿ ಪಡೆಯಿರಿ. ಅಲ್ಲಿಯೂ ಸರಾಸರಿ ಚೆನ್ನಾಗಿಯೇ ಇದ್ದರೆ ತಿದ್ದುಪಡಿಯಿಂದ ನಿಮಗೆ ಬರುವುದು ಏನೂ ಇರುವುದಿಲ್ಲ.